ಸರಾಯೇವೊ ಪ್ರಶ್ನೆಗೆ ಎಂಟು ಅಂಕ: ಇತಿಹಾಸದ ಕೀ ಉತ್ತರ ಬರೆಯುವ ಕೆಲಸ

(ಪ್ರೌಢಶಾಲೆಯ ಇತಿಹಾಸ ಶಿಕ್ಷಕರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಕತ್ತರಿಸಿದ್ದೇನೆ, ಉಳಿದದ್ದು ಆಡಿದಂತೆಯೇ ಇದೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಮಾತಾಡುತ್ತೇನೆ. ಪ್ರಶ್ನೆ ಇದು:

“ಮೊದಲ ಮಹಾಯುದ್ಧಕ್ಕೆ ಸರಾಯೇವೊ ಹತ್ಯೆಯೇ ಮುಖ್ಯ ಕಾರಣ.” ಈ ಮಾತನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ? ಕಾರಣ ಕೊಟ್ಟು ಉತ್ತರಿಸಿ. 8 ಅಂಕ.

ಇಂಥ ಪ್ರಶ್ನೆ ಬರೆಯುವುದು ಸುಲಭ. ಎರಡು ನಿಮಿಷದ ಕೆಲಸ. ಇದಕ್ಕೆ ಕೀ ಉತ್ತರ ಬರೆಯಲು ಕೂತಾಗ ತಲೆ ಕೆರೆದುಕೊಳ್ಳುವಂತಾಗುತ್ತದೆ. ಯಾಕೆಂದರೆ ಇಲ್ಲಿ ಒಪ್ಪಿದವನೂ ಸರಿ ಇರಬಹುದು, ಒಪ್ಪದವನೂ ಸರಿ ಇರಬಹುದು, ಅರ್ಧ ಒಪ್ಪಿದವಳೂ ಸರಿ ಇರಬಹುದು. ಹಾಗಾದರೆ ‘ಸರಿ ಉತ್ತರ’ ಅಂತ ಬರೆಯುವುದು ಏನನ್ನು?

ನಮ್ಮಲ್ಲಿ ಜಾಸ್ತಿ ಜನ ಮಾಡುವುದು ಒಂದೇ. ಪಠ್ಯಪುಸ್ತಕ ತೆಗೆದು, ಯುದ್ಧದ ಕಾರಣಗಳ ಪುಟದಿಂದ ಏಳೆಂಟು ಅಂಶ ಎತ್ತಿ, ಒಂದೊಂದಕ್ಕೆ ಒಂದೊಂದು ಅಂಕ ಅಂತ ಬರೆದು, ಕೊನೆಗೆ ‘ಇತರ ಯಾವುದೇ ಸರಿಯಾದ ಅಂಶವನ್ನೂ ಪರಿಗಣಿಸಿ’ ಅಂತ ಒಂದು ಸಾಲು ಸೇರಿಸಿ ಮುಗಿಸುತ್ತೇವೆ. ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ತಿದ್ದುವವರಿಗೂ ಆರಾಮ, ಎಣಿಸಿ ಅಂಕ ಹಾಕಿದರಾಯಿತು. ಅದರಿಂದ ಏನಾಗುತ್ತದೆ ಅಂತ ಎರಡು ಉತ್ತರ ಇಟ್ಟು ತೋರಿಸುತ್ತೇನೆ. ಎರಡನ್ನೂ ನಾನೇ ಬರೆದದ್ದು. ಆದರೆ ಇಂಥವನ್ನು ನೀವು ಪ್ರತಿ ಪರೀಕ್ಷೆಯಲ್ಲೂ ನೋಡಿರುತ್ತೀರಿ.

ಮೊದಲನೆಯದು, ಉತ್ತರ ‘ಅ’:

“ಮೊದಲ ಮಹಾಯುದ್ಧಕ್ಕೆ ಹಲವು ಕಾರಣಗಳಿವೆ. ಉಗ್ರ ರಾಷ್ಟ್ರೀಯತೆ, ಸಾಮ್ರಾಜ್ಯಶಾಹಿ, ಸೈನಿಕ ಪೈಪೋಟಿ, ಗುಪ್ತ ಒಪ್ಪಂದಗಳು, ಬಾಲ್ಕನ್ ಬಿಕ್ಕಟ್ಟು. ಯುರೋಪ್ ಎರಡು ಬಣಗಳಾಗಿ ಒಡೆದಿತ್ತು. ಜರ್ಮನಿ, ಆಸ್ಟ್ರಿಯಾ-ಹಂಗೇರಿ, ಇಟಲಿ ಒಂದು ಬಣ. ಬ್ರಿಟನ್, ಫ್ರಾನ್ಸ್, ರಷ್ಯಾ ಇನ್ನೊಂದು ಬಣ. 1914ರ ಜೂನ್ 28ರಂದು ಸರಾಯೇವೊದಲ್ಲಿ ಆಸ್ಟ್ರಿಯಾದ ಯುವರಾಜ ಫರ್ಡಿನೆಂಡ್‌ನ ಹತ್ಯೆಯಾಯಿತು. ಇದು ತಕ್ಷಣದ ಕಾರಣ. ಆದ್ದರಿಂದ ಹತ್ಯೆಯೇ ಮುಖ್ಯ ಕಾರಣ ಅಲ್ಲ.”

ಎರಡನೆಯದು, ಉತ್ತರ ‘ಆ’:

“ನಾನು ಪೂರ್ತಿ ಒಪ್ಪುವುದಿಲ್ಲ. ಹತ್ಯೆ ನಡೆದದ್ದು ಜೂನ್ ಕೊನೆಯಲ್ಲಿ. ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿದ್ದು ಜುಲೈ ಕೊನೆಯಲ್ಲಿ. ಹತ್ಯೆಯಿಂದಲೇ ಯುದ್ಧ ಬಂದಿದ್ದರೆ ಮಧ್ಯೆ ಒಂದು ತಿಂಗಳು ಯಾಕೆ ಬೇಕಿತ್ತು? ಆ ತಿಂಗಳಲ್ಲಿ ಜರ್ಮನಿ ಆಸ್ಟ್ರಿಯಾಕ್ಕೆ ಏನೇ ಆದರೂ ಜೊತೆಗಿರುತ್ತೇವೆ ಅಂತ ಮಾತು ಕೊಟ್ಟಿತು. ಆ ಧೈರ್ಯದಿಂದಲೇ ಆಸ್ಟ್ರಿಯಾ ಸರ್ಬಿಯಾಕ್ಕೆ ಒಪ್ಪಲು ಆಗದಂಥ ಷರತ್ತು ಹಾಕಿತು. ಆದರೆ ಹತ್ಯೆ ಆಗದಿದ್ದರೆ ಆಸ್ಟ್ರಿಯಾಕ್ಕೆ ಷರತ್ತು ಹಾಕುವ ನೆಪವೇ ಇರುತ್ತಿರಲಿಲ್ಲ. ಹಾಗಾಗಿ ಹತ್ಯೆ ಬರೀ ನೆಪ, ಜರ್ಮನಿಯ ಬೆಂಬಲ ಅದಕ್ಕಿಂತ ದೊಡ್ಡ ಕಾರಣ.”

ಅಂಶ ಎಣಿಸುವ ಕೀ ಹಿಡಿದು ತಿದ್ದಿ ನೋಡಿ. ‘ಅ’ಗೆ ಏಳು ಸುಲಭವಾಗಿ ಬರುತ್ತದೆ. ರಾಷ್ಟ್ರೀಯತೆ ಒಂದು, ಸಾಮ್ರಾಜ್ಯಶಾಹಿ ಎರಡು, ಹೀಗೆ. ‘ಆ’ಗೆ ಹತ್ಯೆಗೆ ಒಂದು, ಜರ್ಮನಿಯ ಬೆಂಬಲಕ್ಕೆ ಒಂದು, ಷರತ್ತಿಗೆ ಒಂದು, ಅಲ್ಲಿಗೆ ಮೂರು. ಈಗ ಎರಡನ್ನೂ ಇನ್ನೊಮ್ಮೆ ಓದಿ. ಪ್ರಶ್ನೆ ಕೇಳಿದ್ದಕ್ಕೆ ಉತ್ತರ ಕೊಟ್ಟವರು ಯಾರು? ‘ಅ’ ಬರೆದ ಮಗು ಕೊನೆಯ ಸಾಲಲ್ಲಿ ‘ಆದ್ದರಿಂದ’ ಅಂದಿದೆ, ಆದರೆ ಯಾವುದರಿಂದ? ಪಟ್ಟಿ ಉದ್ದ ಇದೆ ಅನ್ನುವುದನ್ನು ಬಿಟ್ಟರೆ ಅಲ್ಲಿ ಬೇರೆ ಕಾರಣವೇ ಇಲ್ಲ. ‘ಆ’ ಬರೆದ ಮಗು ದಿನಾಂಕಗಳ ಅಂತರ ನೋಡಿ ಅದರಿಂದ ವಾದ ಕಟ್ಟಿದೆ. ಅಂದರೆ ನಮ್ಮ ಕೀ ಪ್ರಶ್ನೆಯನ್ನೇ ಬದಲಾಯಿಸಿಬಿಟ್ಟಿತು. ‘ಎಷ್ಟರ ಮಟ್ಟಿಗೆ ಒಪ್ಪುತ್ತೀರಿ’ ಅಂತ ಕೇಳಿ, ‘ಕಾರಣಗಳನ್ನು ಪಟ್ಟಿ ಮಾಡಿ’ ಅನ್ನುವ ಪ್ರಶ್ನೆಗೆ ಅಂಕ ಕೊಟ್ಟೆವು. ಮುಂದಿನ ವರ್ಷದ ಮಕ್ಕಳು ಇದನ್ನು ಬೇಗ ಪತ್ತೆ ಹಚ್ಚುತ್ತಾರೆ. ಅವರು ಪಟ್ಟಿ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಅದು ಅವರ ತಪ್ಪೂ ಅಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು. ತೆರೆದ ಪ್ರಶ್ನೆಯ ಕೀ ಎರಡು ಭಾಗದಲ್ಲಿ ಇರಬೇಕು. ಒಂದು, ಮಗು ವಾದ ಕಟ್ಟಿದ ಬಗೆಗೆ ಎಷ್ಟು ಅಂಕ ಅಂತ ಹೇಳುವ ಹಂತಗಳು. ಇನ್ನೊಂದು, ಮಕ್ಕಳು ಬಳಸಬಹುದಾದ ವಿಷಯ. ಅಂಕ ಕೊಡುವುದು ಹಂತಗಳು. ವಿಷಯದ ಪಟ್ಟಿ ಇರುವುದು ತಿದ್ದುವವರ ನೆನಪಿಗೆ ಮಾತ್ರ, ಅದಕ್ಕೆ ಎದುರಾಗಿ ಅಂಕ ಬರೆಯಬಾರದು. ಈ ಎರಡರ ಜೊತೆಗೆ ತಿದ್ದುವವರಿಗೆ ಟಿಪ್ಪಣಿಗಳು. ನಿಜವಾದ ಕೆಲಸ ಇರುವುದು ಅಲ್ಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಂತ. ಎಂಟು ಅಂಕಕ್ಕೆ ನಾಲ್ಕು ಹಂತ ಸಾಕು, ಒಂದೊಂದರಲ್ಲಿ ಎರಡೆರಡು ಅಂಕ. ಇದಕ್ಕಿಂತ ಜಾಸ್ತಿ ಮಾಡಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೇಳಲು ಬರುವುದಿಲ್ಲ. ಇಲ್ಲಿ ಬಹಳ ಜನ ಎಡವುವುದು ವಿಶೇಷಣಗಳಲ್ಲಿ. ‘ಉತ್ತಮ ಉತ್ತರ’, ‘ಸಮರ್ಪಕ ವಿವರಣೆ’, ‘ಸಾಧಾರಣ ತಿಳಿವಳಿಕೆ’. ಇವನ್ನು ಓದಿ ಯಾರಿಗೆ ಏನು ಗೊತ್ತಾಗುತ್ತದೆ ಹೇಳಿ? ನಿಮ್ಮ ಉತ್ತಮ ನನಗೆ ಸಾಧಾರಣ. ಹಂತ ಬರೆಯುವಾಗ ಮಗು ಏನು ಮಾಡಿದೆ ಅಂತ ಬರೆಯಬೇಕು. ಕ್ರಿಯಾಪದ ಇರಬೇಕು: ಹೇಳಿದೆ, ವಿವರ ಕೊಟ್ಟಿದೆ, ಹೇಗೆ ಅಂತ ಬಿಡಿಸಿದೆ, ತೂಗಿದೆ. ಈ ನಾಲ್ಕನ್ನೇ ನಾಲ್ಕು ಹಂತ ಮಾಡಿಕೊಂಡರೆ ನಮ್ಮ ಪ್ರಶ್ನೆಗೆ ಹೀಗೆ ಬರುತ್ತದೆ.

1–2 ಅಂಕ: ಯುದ್ಧದ ಬಗ್ಗೆ ಅಥವಾ ಹತ್ಯೆಯ ಬಗ್ಗೆ ಸರಿಯಾದ ಮಾತು ಹೇಳಿದೆ. ಆದರೆ ಯಾವ ಯುದ್ಧಕ್ಕೂ ಹೊಂದುವಂಥ ಮಾತು (‘ದೇಶಗಳ ನಡುವೆ ದ್ವೇಷವಿತ್ತು’).

3–4 ಅಂಕ: ಕಾರಣಗಳನ್ನು ಈ ಯುದ್ಧಕ್ಕೇ ಸೇರಿದ ಹೆಸರು, ಘಟನೆ, ವಿವರದ ಜೊತೆ ಹೇಳಿದೆ. ಆದರೆ ಅವು ಯುದ್ಧಕ್ಕೆ ಹೇಗೆ ದಾರಿ ಮಾಡಿದವು ಅಂತ ಬಿಡಿಸಿಲ್ಲ, ಅಥವಾ ಒಂದೇ ಕಡೆಯನ್ನು ಮಾತ್ರ ಬಿಡಿಸಿದೆ.

5–6 ಅಂಕ: ಹತ್ಯೆ ಹೇಗೆ ಕಾರಣವಾಯಿತು ಅಂತ ಬಿಡಿಸಿದೆ, ಜೊತೆಗೆ ಇನ್ನೊಂದಾದರೂ ಕಾರಣ ಹೇಗೆ ಕೆಲಸ ಮಾಡಿತು ಅಂತ ಬಿಡಿಸಿದೆ. ಎರಡಕ್ಕೂ ನಿರ್ದಿಷ್ಟ ಆಧಾರ ಇದೆ.

7–8 ಅಂಕ: ಮೇಲಿನದೆಲ್ಲ ಇದೆ. ಅದರ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಿ, ಯಾವುದು ಹೆಚ್ಚು, ಯಾಕೆ ಹೆಚ್ಚು ಅಂತ ತೀರ್ಮಾನಕ್ಕೆ ಬಂದಿದೆ.

ಈಗ ‘ಅ’ ಎಲ್ಲಿಗೆ ಹೋಗುತ್ತದೆ? ಎರಡು ಬಣಗಳ ವಿವರ ಇದೆ, ದಿನಾಂಕ ಇದೆ, ಬಿಡಿಸಿದ್ದು ಏನೂ ಇಲ್ಲ. ಎರಡನೆಯ ಹಂತ, 3 ಅಂಕ. 4 ಯಾಕಲ್ಲ ಅಂದರೆ ಐದು ಕಾರಣಗಳಲ್ಲಿ ನಾಲ್ಕು ಬರೀ ಹೆಸರು, ಅವಕ್ಕೆ ಒಂದು ಉದಾಹರಣೆಯೂ ಇಲ್ಲ. ‘ಆ’ ಮೇಲಿನ ಹಂತಕ್ಕೆ ಬರುತ್ತದೆ. ಹತ್ಯೆ ನೆಪ ಒದಗಿಸಿತು ಅಂತ ಬಿಡಿಸಿದೆ, ಜರ್ಮನಿಯ ಮಾತು ಧೈರ್ಯ ಕೊಟ್ಟಿತು ಅಂತ ಬಿಡಿಸಿದೆ, ಎರಡನ್ನೂ ತೂಗಿದೆ. 7 ಅಂಕ. 8 ಯಾಕಿಲ್ಲ? ಆಸ್ಟ್ರಿಯಾ–ಸರ್ಬಿಯಾ ಜಗಳ ಇಡೀ ಯುರೋಪಿನ ಯುದ್ಧ ಆದದ್ದು ಹೇಗೆ ಅನ್ನುವ ಮೆಟ್ಟಿಲನ್ನು ಮಗು ಹತ್ತಲೇ ಇಲ್ಲ. ರಷ್ಯಾ ಎಲ್ಲಿ, ಫ್ರಾನ್ಸ್ ಎಲ್ಲಿ? ಪ್ರಶ್ನೆ ಇರುವುದು ಮಹಾಯುದ್ಧದ ಬಗ್ಗೆ. ಈ ವಿವರವನ್ನು ಕೀಯಲ್ಲೇ ಬರೆದಿಡಿ. ‘ಈ ಉತ್ತರಕ್ಕೆ 7, ಯಾಕೆಂದರೆ ಇಂತಿಂಥದ್ದು’ ಅನ್ನುವ ಎರಡು ಸಾಲು ಹತ್ತು ಸಾಲಿನ ಹಂತ ವಿವರಣೆಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 80 ಅಂಕದ ಪತ್ರಿಕೆಗೆ 3 ಗಂಟೆ ಅಂದರೆ 8 ಅಂಕಕ್ಕೆ ಸಿಗುವುದು 18 ನಿಮಿಷ. ಅದರಲ್ಲಿ ಓದಿ, ಯೋಚಿಸಿ, ಕೈಯಲ್ಲಿ ಬರೆಯಬೇಕು. ಹದಿನೈದು ವರ್ಷದ ಮಗು ಆ ಹೊತ್ತಿನಲ್ಲಿ ಎರಡು ಕಾರಣ ಚೆನ್ನಾಗಿ ಬಿಡಿಸಬಹುದು, ಹೆಚ್ಚೆಂದರೆ ಮೂರು. ಐದು ಕಾರಣವನ್ನೂ ಬಿಡಿಸಿದರೆ ಮಾತ್ರ ಪೂರ್ತಿ ಅಂಕ ಅಂತ ಕೀ ಬರೆಯುವವರು ಒಮ್ಮೆ ಗಡಿಯಾರ ಇಟ್ಟುಕೊಂಡು ತಾವೇ ಉತ್ತರ ಬರೆದು ನೋಡಬೇಕು. ಕೈ ನೋಯುವುದೊಂದು ಕಡೆ, ಪ್ರಶ್ನೆಯಲ್ಲೇ ಏನಾದರೂ ಐಬಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ. ಅದಕ್ಕೇ ಕೀಯನ್ನು ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಬರೆಯಬೇಕು, ಪರೀಕ್ಷೆ ಮುಗಿದ ಮೇಲೆ ಅಲ್ಲ.

ಇನ್ನು ವಿಷಯದ ಭಾಗ. ಇದನ್ನು ಸುಮ್ನೆ ಕಾರಣಗಳ ಪಟ್ಟಿ ಮಾಡಬೇಡಿ. ಹತ್ಯೆಯ ಪರ ಇರುವ ಅತಿ ಬಲವಾದ ವಾದ ಯಾವುದು, ವಿರುದ್ಧ ಇರುವ ಅತಿ ಬಲವಾದ ವಾದ ಯಾವುದು ಅಂತ ಎರಡು ಗುಂಪು ಮಾಡಿ. ಯಾಕೆ ಹೇಳುತ್ತೇನೆ ಅಂದರೆ, ಕೀ ಬರೆಯುವವರಿಗೆ ತಮ್ಮದೇ ಒಂದು ಅಭಿಪ್ರಾಯ ಇರುತ್ತದೆ. ಈ ಪ್ರಶ್ನೆಯಲ್ಲಿ ಸಾಮಾನ್ಯವಾಗಿ ನಮ್ಮೆಲ್ಲರ ಮನಸ್ಸಲ್ಲಿ ಇರುವುದು ‘ಹತ್ಯೆ ಬರೀ ತಕ್ಷಣದ ಕಾರಣ, ನಿಜವಾದ ಕಾರಣ ಬೇರೆ’ ಅನ್ನುವುದು. ಪುಸ್ತಕಗಳೂ ಹಾಗೇ ಬರೆಯುತ್ತವೆ. ಅದೇ ಗುಂಗಿನಲ್ಲಿ ಕೀ ಬರೆದರೆ, ‘ಹೌದು, ಹತ್ಯೆಯೇ ಮುಖ್ಯ’ ಅಂತ ವಾದ ಮಾಡಿದ ಮಗುವಿಗೆ ತಿದ್ದುವವರು ತಮಗೆ ಗೊತ್ತಿಲ್ಲದೆ ಒಂದೆರಡು ಅಂಕ ಕಡಿಮೆ ಹಾಕುತ್ತಾರೆ.

ಹತ್ಯೆಯ ಪರ ಬಲವಾದ ವಾದ ಇದೆಯಾ? ಇದೆ. ಬಣಗಳು 1914ಕ್ಕೆ ಹೊಸದಲ್ಲ. ಜರ್ಮನಿ, ಆಸ್ಟ್ರಿಯಾ-ಹಂಗೇರಿ, ಇಟಲಿಯ ಕೂಟ ಆದದ್ದು 1882ರಲ್ಲಿ. ಬ್ರಿಟನ್ ಮತ್ತು ರಷ್ಯಾ ಕೈಕುಲುಕಿದ್ದು 1907ರಲ್ಲಿ. ಅದಾದ ಮೇಲೆ 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ಸೇರಿಸಿಕೊಂಡಾಗ ಬಿಕ್ಕಟ್ಟು ಬಂತು, 1911ರಲ್ಲಿ ಮೊರಾಕೊ ವಿಚಾರದಲ್ಲಿ ಬಂತು, 1912–13ರಲ್ಲಿ ಬಾಲ್ಕನ್‌ನಲ್ಲಿ ಎರಡು ಯುದ್ಧಗಳೇ ನಡೆದವು. ಒಂದೊಂದು ಸಲವೂ ಸೈನಿಕ ಪೈಪೋಟಿ ಇತ್ತು, ಒಪ್ಪಂದಗಳಿದ್ದವು, ರಾಷ್ಟ್ರೀಯತೆ ಇತ್ತು. ಆದರೂ ಮಹಾಯುದ್ಧ ಆಗಲಿಲ್ಲ. ಹಾಗಾದರೆ 1914ರಲ್ಲಿ ಹೊಸದಾಗಿ ಬಂದದ್ದು ಏನು? ಹತ್ಯೆ. ಒಂದು ಮಗು ಹೀಗೆ ಬರೆದರೆ ಅದು ಪೂರ್ತಿ ಎಂಟಕ್ಕೆ ಯೋಗ್ಯವಾದ ವಾದ. ಅದನ್ನು ಕೀಯಲ್ಲಿ ಮೊದಲೇ ಬರೆದಿಟ್ಟರೆ ತಿದ್ದುವವರ ಕಣ್ಣಿಗೆ ಬೀಳುತ್ತದೆ.

ವಿರುದ್ಧ ಇರುವ ಬಲವಾದ ವಾದ ಜುಲೈ ತಿಂಗಳಲ್ಲೇ ಇದೆ. ಹತ್ಯೆ ಜೂನ್ 28. ಜರ್ಮನಿಯ ಚಕ್ರವರ್ತಿ ಬೆಂಬಲದ ಮಾತು ಕೊಟ್ಟದ್ದು ಜುಲೈ 5. ಆಸ್ಟ್ರಿಯಾ ಷರತ್ತುಪತ್ರ ಕಳಿಸಿದ್ದು ಜುಲೈ 23, ಉತ್ತರಕ್ಕೆ ಕೊಟ್ಟ ಗಡುವು 48 ಗಂಟೆ. ಸರ್ಬಿಯಾ ಬಹುಪಾಲು ಷರತ್ತು ಒಪ್ಪಿಕೊಂಡರೂ ಜುಲೈ 28ಕ್ಕೆ ಆಸ್ಟ್ರಿಯಾ ಯುದ್ಧ ಸಾರಿತು. ರಷ್ಯಾ ಜುಲೈ 30ಕ್ಕೆ ಪೂರ್ಣ ಸೇನಾ ಸಜ್ಜಿಗೆ ಆದೇಶ ಕೊಟ್ಟಿತು. ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸ್ ಮೇಲೆ ಯುದ್ಧ ಸಾರಿತು. ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿದ ಮೇಲೆ 4ಕ್ಕೆ ಬ್ರಿಟನ್ ಬಂತು. ಈ ಒಂದೊಂದು ಮೆಟ್ಟಿಲಲ್ಲೂ ಯಾರೋ ಒಬ್ಬರು ಕೂತು ನಿರ್ಧಾರ ಮಾಡಿದ್ದಾರೆ. ಬೇರೆ ನಿರ್ಧಾರವನ್ನೂ ಮಾಡಬಹುದಿತ್ತು. ಈ ಇಡೀ ಸಾಲನ್ನು ಮಗು ಬರೆಯಬೇಕಾಗಿಲ್ಲ. ಎರಡು ಮೆಟ್ಟಿಲು ಹಿಡಿದು ವಾದ ಕಟ್ಟಿದರೆ ಸಾಕು. ಕೀಯಲ್ಲಿ ಪೂರ್ತಿ ಇರುವುದು ತಿದ್ದುವವರು ಪರೀಕ್ಷಿಸಿಕೊಳ್ಳಲಿ ಅಂತ.

ಈಗ ಟಿಪ್ಪಣಿಗಳ ವಿಷಯ. ಟಿಪ್ಪಣಿ ಅಂದರೆ, ತಿದ್ದುವವರ ಪೆನ್ನು ಎಲ್ಲಿ ತಡೆಯುತ್ತದೋ ಅಲ್ಲಿಗೆ ಮೊದಲೇ ಬರೆದಿಟ್ಟ ನಿರ್ಧಾರ. ಅಂಥ ಜಾಗಗಳು ಒಂದು ಪ್ರಶ್ನೆಗೆ ನಾಲ್ಕೈದು ಇರುತ್ತವೆ. ಅವು ಎಲ್ಲ ಪ್ರಶ್ನೆಗೂ ಒಂದೇ ಆಗಿರುವುದಿಲ್ಲ. ಸರಾಯೇವೊ ಪ್ರಶ್ನೆಯಲ್ಲಿ ನನಗೆ ಕಾಣುವ ಜಾಗಗಳನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ಗಲಾಟೆ ಆಗುವುದು ಕಥೆ ಹೇಳುವ ಉತ್ತರದಲ್ಲಿ. ಒಬ್ಬ ಹುಡುಗ ಜುಲೈ ತಿಂಗಳ ಕಥೆಯನ್ನು ದಿನಾಂಕ ಸಮೇತ ಒಂದೂವರೆ ಪುಟ ಬರೆದಿರುತ್ತಾನೆ. ಒಂದೂ ತಪ್ಪಿಲ್ಲ. ‘ಆಮೇಲೆ ಜರ್ಮನಿ ಬೆಂಬಲ ಕೊಟ್ಟಿತು. ಆಮೇಲೆ ಆಸ್ಟ್ರಿಯಾ ಪತ್ರ ಕಳಿಸಿತು. ಆಮೇಲೆ ರಷ್ಯಾ ಸೇನೆ ಸಜ್ಜು ಮಾಡಿತು.’ ಓದಿದರೆ ಖುಷಿಯಾಗುತ್ತದೆ, ಎಷ್ಟು ಓದಿಕೊಂಡಿದ್ದಾನೆ ಅನ್ನಿಸುತ್ತದೆ. ಒಬ್ಬ ಶಿಕ್ಷಕರು 7 ಹಾಕುತ್ತಾರೆ, ಪಕ್ಕದವರು 3 ಹಾಕುತ್ತಾರೆ. ಇಬ್ಬರೂ ತಮ್ಮ ಮಟ್ಟಿಗೆ ಪ್ರಾಮಾಣಿಕರೇ. ಇಲ್ಲಿ ಟಿಪ್ಪಣಿ ಹೀಗಿರಬೇಕು: ಘಟನೆಗಳನ್ನು ಕ್ರಮವಾಗಿ ಹೇಳಿದ್ದಕ್ಕೆ ಎಷ್ಟೇ ವಿವರ ಇದ್ದರೂ ಎರಡನೆಯ ಹಂತದ ಮೇಲಿನ ಅಂಕ, ಅಂದರೆ 4. ಒಂದು ಘಟನೆ ಇನ್ನೊಂದನ್ನು ಯಾಕೆ ಹುಟ್ಟಿಸಿತು ಅಂತ ಒಂದು ಕಡೆಯಾದರೂ ಹೇಳಿದ್ದರೆ, ಆ ಕೊಂಡಿಯನ್ನು ಬಿಡಿಸಿದ್ದು ಅಂತ ಲೆಕ್ಕ ಹಾಕಿ. ಉದಾಹರಣೆಗೆ ‘ಜರ್ಮನಿಯ ಸೇನೆಯ ಯೋಜನೆಯಲ್ಲಿ ಮೊದಲು ಫ್ರಾನ್ಸನ್ನು ಬೇಗ ಸೋಲಿಸಿ ಆಮೇಲೆ ರಷ್ಯಾದ ಕಡೆ ತಿರುಗಬೇಕಿತ್ತು, ಹಾಗಾಗಿ ರಷ್ಯಾ ಸೇನೆ ಸಜ್ಜು ಮಾಡಿದ ಕೂಡಲೇ ಜರ್ಮನಿಗೆ ಕಾಯಲು ಆಗಲಿಲ್ಲ’ ಅಂತ ಬರೆದಿದ್ದರೆ ಅದು ಕಥೆ ಅಲ್ಲ, ವಿವರಣೆ. ಇಂಥ ಒಂದು ಸಾಲನ್ನು ಕೀಯಲ್ಲಿ ಹಾಗೇ ಬರೆದು ತೋರಿಸಿ. ಇನ್ನೊಂದು, ‘ಆದ್ದರಿಂದ’ ಅನ್ನುವ ಪದ ಕಂಡ ಕೂಡಲೇ ವಿವರಣೆ ಅಂತ ಮೋಸ ಹೋಗಬಾರದು. ನಮ್ಮ ‘ಅ’ ಉತ್ತರದಲ್ಲೂ ಅದು ಇತ್ತಲ್ಲ.

ಎರಡನೆಯದು ತಪ್ಪುಗಳು. ಮಗು ಹತ್ಯೆ 1913ರಲ್ಲಿ ಆಯಿತು ಅಂತ ಬರೆದಿದೆ, ವಾದ ಸರಿ ಇದೆ. ಎಷ್ಟು ಕಡಿತ? ನನ್ನ ಪ್ರಕಾರ ಏನೂ ಇಲ್ಲ. ವಾದ ಆ ತಪ್ಪಿನ ಮೇಲೆ ನಿಂತಿದೆಯಾ ಅಂತ ಮಾತ್ರ ನೋಡಬೇಕು. ವರ್ಷ ತಪ್ಪಿದರೂ ವಾದ ಬೀಳುವುದಿಲ್ಲ. ಆದರೆ ‘ಒಪ್ಪಂದಗಳಿಂದಾಗಿ ಎಲ್ಲ ದೇಶಗಳೂ ತಾನಾಗಿ ಯುದ್ಧಕ್ಕೆ ಬಂದವು, ಇಟಲಿ ಕೂಡ ತಕ್ಷಣ ಜರ್ಮನಿಯ ಪರ ಯುದ್ಧಕ್ಕೆ ಇಳಿಯಿತು’ ಅಂತ ಬರೆದಿದ್ದರೆ? ಇಟಲಿ 1914ರಲ್ಲಿ ತಟಸ್ಥವಾಗಿ ಉಳಿಯಿತು, 1915ರಲ್ಲಿ ಎದುರು ಬಣದ ಕಡೆ ಸೇರಿತು. ಇಲ್ಲಿ ಮಗುವಿನ ವಾದಕ್ಕೆ ಆಧಾರವೇ ಆ ತಪ್ಪು. ಹಾಗಾಗಿ ಆ ಕೊಂಡಿಗೆ ಬೆಲೆ ಇಲ್ಲ, ಉಳಿದ ಉತ್ತರಕ್ಕೆ ಇದೆ. ತಪ್ಪಿಗೆ ಅಂತ ಅಂಕ ಕಳೆಯುವುದು ಬೇರೆ, ತಪ್ಪಿನ ಮೇಲೆ ನಿಂತದ್ದಕ್ಕೆ ಅಂಕ ಕೊಡದಿರುವುದು ಬೇರೆ. ಟಿಪ್ಪಣಿಯಲ್ಲಿ ಎರಡಕ್ಕೂ ಒಂದೊಂದು ಉದಾಹರಣೆ ಕೊಡಿ, ಬರೀ ನಿಯಮ ಬರೆದರೆ ಯಾರೂ ಒಂದೇ ರೀತಿ ಓದುವುದಿಲ್ಲ.

ಇಟಲಿ ವಿಷಯ ಬಂತಲ್ಲ, ಅದರಲ್ಲೇ ಇನ್ನೊಂದು ಸ್ವಾರಸ್ಯ ಇದೆ. ಒಂದು ಹುಡುಗಿ ಹೀಗೆ ಬರೆಯುತ್ತಾಳೆ ಅಂತಿಟ್ಟುಕೊಳ್ಳಿ: ‘ಒಪ್ಪಂದ ಇದ್ದ ಮಾತ್ರಕ್ಕೆ ಯುದ್ಧ ಆಗಲೇಬೇಕು ಅಂತಿಲ್ಲ, ಇಟಲಿಗೂ ಒಪ್ಪಂದ ಇತ್ತು, ಅದು ಬರಲಿಲ್ಲವಲ್ಲ.’ ಅಂಶ ಎಣಿಸುವ ಕೀ ಹಿಡಿದವರು ಇದಕ್ಕೆ ಏನು ಮಾಡುತ್ತಾರೆ? ಕೀಯಲ್ಲಿ ‘ಒಪ್ಪಂದಗಳು ಒಂದು ಕಾರಣ’ ಅಂತಿದೆ, ಇವಳು ಒಪ್ಪಂದ ಕಾರಣ ಅಲ್ಲ ಅನ್ನುತ್ತಿದ್ದಾಳೆ, ಹಾಗಾಗಿ ಕೆಂಪು ಗೀಟು. ಆದರೆ ಇದು ತೂಗುವ ಕೆಲಸ. ಇಡೀ ತರಗತಿಯಲ್ಲೇ ಒಳ್ಳೆಯ ಸಾಲು ಇರಬಹುದು. ‘ಇತರ ಯಾವುದೇ ಸರಿಯಾದ ಅಂಶ’ ಅನ್ನುವ ಸಾಲು ಇವಳನ್ನು ಕಾಪಾಡುವುದಿಲ್ಲ, ಯಾಕೆಂದರೆ ಆ ಸಾಲು ಓದಿದ ಹೊಸ ಶಿಕ್ಷಕರಿಗೆ ಯಾವುದು ಸರಿ ಅಂತ ಹೇಳುವುದೇ ಇಲ್ಲ. ಅದರ ಬದಲು ಮೂರು ಪ್ರಶ್ನೆ ಬರೆಯಿರಿ. ಮಗು ಹೇಳಿದ ಸಂಗತಿ ನಿಜವೇ? ಅದು 1914ರ ಆಗಸ್ಟ್ ಹೊತ್ತಿಗೆ ಆಗಿದ್ದದ್ದೇ, ಆಮೇಲಿನದ್ದೇ? ಅದನ್ನು ಪ್ರಶ್ನೆಯ ಮಾತಿಗೆ ಜೋಡಿಸಿದೆಯೇ? ಮೂರಕ್ಕೂ ಹೌದು ಅಂದರೆ, ಕೀಯಲ್ಲಿ ಇಲ್ಲದಿದ್ದರೂ ಒಪ್ಪಿಕೊಳ್ಳಿ. ಎರಡನೆಯ ಪ್ರಶ್ನೆ ಯಾಕೆ ಬೇಕು ಅಂದರೆ, ಕೆಲವು ಮಕ್ಕಳು 1917ರಲ್ಲಿ ಅಮೆರಿಕ ಯುದ್ಧಕ್ಕೆ ಬಂದದ್ದನ್ನೂ ಯುದ್ಧದ ಕಾರಣಗಳ ಜೊತೆ ಸೇರಿಸಿ ಬರೆಯುತ್ತಾರೆ.

ಮೂರನೆಯದು ತೀರ್ಮಾನದ ಸಾಲು. ‘ಕೊನೆಯದಾಗಿ, ಎರಡೂ ಕಾರಣಗಳು ಅಷ್ಟೇ ಮುಖ್ಯ.’ ಇದು ತೀರ್ಮಾನವೇ? ಅರ್ಧದಷ್ಟು ಮಕ್ಕಳು ಹೀಗೇ ಬರೆಯುತ್ತಾರೆ, ಯಾಕೆಂದರೆ ಇದು ಅಪಾಯವಿಲ್ಲದ ಮಾತು. ಎರಡೂ ಸಮ ಅನ್ನುವುದು ತಪ್ಪಲ್ಲ. ಯಾಕೆ ಸಮ ಅಂತ ಹೇಳಿದರೆ ಅದಕ್ಕೂ ಮೇಲಿನ ಹಂತ ಕೊಡಬಹುದು. ‘ಹತ್ಯೆ ಇಲ್ಲದೆ ಆಸ್ಟ್ರಿಯಾ ಹೊರಡುತ್ತಿರಲಿಲ್ಲ, ಬಣಗಳು ಇಲ್ಲದೆ ಅದು ಬಾಲ್ಕನ್ ದಾಟುತ್ತಿರಲಿಲ್ಲ’ ಅಂದರೆ ಅದು ತೂಗಿದ ಮಾತು. ಬರೀ ‘ಎರಡೂ ಮುಖ್ಯ’ ಅಂದರೆ ಮೂರನೆಯ ಹಂತ ದಾಟುವುದಿಲ್ಲ. ಹಾಗೆಯೇ ಮೊದಲೇ ಹೇಳಿದ್ದನ್ನು ಕೊನೆಗೆ ಇನ್ನೊಮ್ಮೆ ಹೇಳಿದರೂ ಅದಕ್ಕೆ ಬೇರೆ ಅಂಕ ಇಲ್ಲ. ಇದಕ್ಕೆ ಎದುರು ಉದಾಹರಣೆಯೂ ಇರುತ್ತದೆ. ಕೆಲವು ಮಕ್ಕಳು ‘ಕೊನೆಯದಾಗಿ’ ಅಂತ ಬರೆಯುವುದೇ ಇಲ್ಲ, ಆದರೆ ಮಧ್ಯದ ಪ್ಯಾರಾದಲ್ಲೇ ತೂಗಿ ಮುಗಿಸಿರುತ್ತಾರೆ. ತೀರ್ಮಾನ ಎಲ್ಲಿದ್ದರೂ ಅಂಕ ಅಂತ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಇರಬೇಕು.

ಇದರ ಪಕ್ಕದಲ್ಲೇ ಒಂದು ಚಿಕ್ಕ ವಿಷಯ. ‘ಯುರೋಪ್ ಮದ್ದಿನ ಉಗ್ರಾಣವಾಗಿತ್ತು, ಹತ್ಯೆ ಅದಕ್ಕೆ ಬಿದ್ದ ಕಿಡಿ.’ ಈ ಸಾಲು ನೂರು ಪತ್ರಿಕೆಗಳಲ್ಲಿ ಎಪ್ಪತ್ತರಲ್ಲಾದರೂ ಇದ್ದೇ ಇರುತ್ತದೆ ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ. ಕೇಳಲು ಚೆನ್ನಾಗಿದೆ, ಬರೆದವರಿಗೂ ಏನೋ ದೊಡ್ಡದು ಹೇಳಿದ ಹಾಗೆ ಅನ್ನಿಸುತ್ತದೆ. ಆದರೆ ಮದ್ದು ಯಾವುದು, ಕಿಡಿ ಹೇಗೆ ಹತ್ತಿತು ಅಂತ ಹೇಳದಿದ್ದರೆ ಅದಕ್ಕೆ ಅಂಕ ಇಲ್ಲ. ಕೀಯಲ್ಲಿ ಬರೆದುಬಿಡಿ, ಇಲ್ಲದಿದ್ದರೆ ಒಬ್ಬರು ಇದನ್ನು ತೀರ್ಮಾನ ಅಂತ ತೆಗೆದುಕೊಂಡು 7 ಹಾಕಿಬಿಡುತ್ತಾರೆ.

ಕಾಗುಣಿತ, ಅಕ್ಷರದ ಅಂದ, ಉತ್ತರದ ಉದ್ದ, ಇವಕ್ಕೆ ಈ ಪ್ರಶ್ನೆಯಲ್ಲಿ ಅಂಕ ಇಲ್ಲ ಅಂತ ಒಂದು ಸಾಲು ಸಾಕು.

ಇಷ್ಟು ಬರೆದಾದ ಮೇಲೆ ಕೀ ಕೆಲಸ ಮಾಡುತ್ತದೆಯೇ ಅಂತ ನೋಡುವುದು ಹೇಗೆ? ಪರೀಕ್ಷೆ ಮುಗಿದ ದಿನ ಹತ್ತು ಉತ್ತರಗಳನ್ನು ಆರಿಸಿ, ಅಲ್ಲಿ ಇಲ್ಲಿ ಎಲ್ಲ ತರದವೂ ಇರಲಿ. ಜೆರಾಕ್ಸ್ ಮಾಡಿಸಿ. ಇಬ್ಬರು ಬೇರೆ ಬೇರೆ ಕೂತು ತಿದ್ದಿ, ಅಂಕವನ್ನು ಉತ್ತರದ ಮೇಲೆ ಬರೆಯದೆ ಬೇರೆ ಹಾಳೆಯಲ್ಲಿ ಬರೆಯಲಿ. ಮೇಲೆ ಬರೆದರೆ ಇನ್ನೊಬ್ಬರ ಕಣ್ಣು ಅಲ್ಲಿಗೇ ಹೋಗುತ್ತದೆ. ಆಮೇಲೆ ಹಾಳೆ ಎರಡನ್ನೂ ಪಕ್ಕ ಇಟ್ಟು ನೋಡಿ. ಒಂದು ಅಂಕದ ವ್ಯತ್ಯಾಸ ಇದ್ದರೆ ಬಿಡಿ. ಎರಡು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆ ಉತ್ತರ ಎತ್ತಿಕೊಂಡು ಕೂರಿ. ಅಲ್ಲಿ ಒಬ್ಬರು ಇನ್ನೊಬ್ಬರನ್ನು ಒಪ್ಪಿಸುವುದು ಕೆಲಸ ಅಲ್ಲ. ಹಿರಿಯರು ಹೇಳಿದರು ಅಂತ ಕಿರಿಯರು ‘ಸರಿ ಸರ್, ಐದೇ ಹಾಕೋಣ’ ಅಂದರೆ ಆ ಒಂದು ಉತ್ತರ ಸರಿಹೋಗುತ್ತದೆ, ಮುಂದಿನ ಇನ್ನೂರು ಹಾಗೇ ಉಳಿಯುತ್ತವೆ. ಕೀಯಲ್ಲಿ ಯಾವ ಸಾಲು ಇಬ್ಬರಿಗೂ ಬೇರೆ ಬೇರೆ ಅರ್ಥ ಕೊಟ್ಟಿತು ಅಂತ ಹುಡುಕಿ, ಆ ಸಾಲು ತಿದ್ದಬೇಕು.

ಇನ್ನೊಂದು ಲಕ್ಷಣ ನೋಡಿ. ಹತ್ತರಲ್ಲಿ ಎಂಟು ಉತ್ತರಕ್ಕೆ ಇಬ್ಬರೂ 4 ಅಥವಾ 5 ಹಾಕಿದ್ದರೆ ಖುಷಿ ಪಡಬೇಡಿ. ಇಬ್ಬರೂ ಹೊಂದಿಕೊಂಡಿದ್ದಾರೆ ನಿಜ, ಆದರೆ ಬಹುಶಃ ಇಬ್ಬರೂ ಅನುಮಾನ ಬಂದಾಗ ಮಧ್ಯದ ಅಂಕಕ್ಕೆ ಓಡಿಹೋಗಿದ್ದಾರೆ. ನಮ್ಮ ಹಂತಗಳಲ್ಲಿ 4 ಮತ್ತು 5ರ ನಡುವೆ ಒಂದು ಗಡಿ ಇದೆ: ಎರಡೂ ಕಡೆ ಬಿಡಿಸಿದೆಯೇ ಇಲ್ಲವೇ. ಅಲ್ಲಿ ನಿಂತ ಉತ್ತರ ತೆಗೆದುಕೊಂಡು ಎರಡನೆಯ ಕಡೆಯನ್ನು ಬಿಡಿಸಿದ ಸಾಲಿಗೆ ಬೆರಳಿಟ್ಟು ತೋರಿಸಿ ಅಂತ ಕೇಳಿ. ತೋರಿಸಲು ಆದರೆ 5, ಆಗದಿದ್ದರೆ 4. ಹಾಗೆ ಬೆರಳಿಡುವ ಅಭ್ಯಾಸ ಬಂದರೆ ಮಧ್ಯಕ್ಕೆ ಓಡುವುದು ತಾನಾಗಿ ಕಡಿಮೆಯಾಗುತ್ತದೆ.

ಹಂತದ ಒಳಗೆ ಎರಡರಲ್ಲಿ ಯಾವ ಅಂಕ ಅನ್ನುವುದಕ್ಕೂ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಹಂತ ನಿರ್ಧರಿಸಿ, ಆಮೇಲೆ ಮೇಲಿನ ಅಂಕದಿಂದ ಶುರು ಮಾಡಿ, ಆಧಾರ ತೆಳುವಾಗಿದ್ದರೆ ಒಂದು ಇಳಿಸಿ. ಎಲ್ಲರೂ ಒಂದೇ ದಿಕ್ಕಿನಿಂದ ಬರಬೇಕು. ಒಬ್ಬರು ಮೇಲಿಂದ ಇಳಿದು, ಇನ್ನೊಬ್ಬರು ಕೆಳಗಿಂದ ಹತ್ತಿದರೆ ಒಂದೇ ಉತ್ತರಕ್ಕೆ ಸುಮ್ಮನೆ ಒಂದು ಅಂಕ ವ್ಯತ್ಯಾಸ ಬರುತ್ತದೆ.

ತಿದ್ದುವಾಗ ಒಬ್ಬ ವಿದ್ಯಾರ್ಥಿಯ ಇಡೀ ಪತ್ರಿಕೆ ಮುಗಿಸಿ ಮುಂದಿನದಕ್ಕೆ ಹೋಗುವ ಬದಲು, ಎಲ್ಲರ ಈ ಒಂದೇ ಪ್ರಶ್ನೆಯನ್ನು ಒಟ್ಟಿಗೆ ತಿದ್ದಿದರೆ ಒಳ್ಳೆಯದು. ಕೀ ತಲೆಯಲ್ಲಿ ಕೂತಿರುತ್ತದೆ, ಮೊದಲ ಉತ್ತರ ಚೆನ್ನಾಗಿತ್ತು ಅಂತ ಮುಂದಿನದಕ್ಕೂ ಕೈ ಉದಾರವಾಗುವುದು ತಪ್ಪುತ್ತದೆ. ಆದರೂ ಮೂರು ಚಂದದ ಉತ್ತರ ಓದಿದ ಮೇಲೆ ನಾಲ್ಕನೆಯ ಸಾಧಾರಣ ಉತ್ತರ ತೀರಾ ಕಳಪೆಯಾಗಿ ಕಾಣುತ್ತದೆ, ಅದನ್ನು ಪೂರ್ತಿ ತಪ್ಪಿಸಲು ಯಾರಿಂದಲೂ ಆಗುವುದಿಲ್ಲ. ಅದಕ್ಕೆ ಎಲ್ಲ ಮುಗಿದ ಮೇಲೆ ಮೊದಲ ಐದಾರು ಉತ್ತರಗಳಿಗೆ ಮತ್ತೆ ಹೋಗಿ. ಅಲ್ಲಿ ಹಾಕಿದ ಅಂಕ ಈಗಲೂ ಹಾಕುತ್ತೀರಾ? ಬದಲಾಗಿದ್ದರೆ ಶುರುವಿನ ಇನ್ನಷ್ಟು ಉತ್ತರ ನೋಡಬೇಕು. ತಿದ್ದುವ ಮಧ್ಯದಲ್ಲಿ ಕೀಗೆ ಹೊಸ ಟಿಪ್ಪಣಿ ಸೇರಿಸಿದರೂ ಅಷ್ಟೇ. ಇಟಲಿಯ ವಾದ ಐವತ್ತನೆಯ ಪತ್ರಿಕೆಯಲ್ಲಿ ಸಿಕ್ಕಿ ಅದನ್ನು ಒಪ್ಪಿಕೊಳ್ಳೋಣ ಅಂತ ನಿರ್ಧರಿಸಿದರೆ, ಹಿಂದಿನ ನಲವತ್ತೊಂಬತ್ತರಲ್ಲಿ ಅದು ಯಾರಿಗಾದರೂ ತಪ್ಪಿತೇ ಅಂತ ನೋಡುವುದು ಆ ನಿರ್ಧಾರದ ಭಾಗವೇ.

ಮಾತು ಮುಗಿದ ಮೇಲೆ ಒಬ್ಬ ಮೇಡಂ ಕೇಳಿದ್ದು: ಈ ಹಂತಗಳನ್ನು ಮಕ್ಕಳಿಗೆ ತೋರಿಸಬಹುದಾ ಸರ್? ತೋರಿಸಿ, ಅದರಲ್ಲೇನೂ ಗುಟ್ಟಿಲ್ಲ. ವಿಷಯದ ಪಟ್ಟಿಯನ್ನು ಮಾತ್ರ ಕೊಡಬೇಡಿ, ಕೊಟ್ಟರೆ ಅದೇ ಬಾಯಿಪಾಠ ಆಗುತ್ತದೆ. ‘ಅ’ ಮತ್ತು ‘ಆ’ ಉತ್ತರಗಳನ್ನು ಅಂಕ ಹೇಳದೆ ಕೊಟ್ಟು, ಇವಕ್ಕೆ ನೀವೇ ಅಂಕ ಹಾಕಿ, ಕಾರಣ ಬರೆಯಿರಿ ಅನ್ನಿ. ಮೊದಲ ಸಲ ತರಗತಿಯ ಬಹಳ ಮಕ್ಕಳು ‘ಅ’ಗೇ ಜಾಸ್ತಿ ಹಾಕುತ್ತಾರೆ, ಸಿದ್ಧವಾಗಿರಿ.